ಸಾವಿರ ಪಿಕ್ಸೆಲ್‌ನ ಮಿಡಿ ಉಪ್ಪಿನಕಾಯಿ: ಜನರೇಟ್ ಮಾಡಿದ ಚಿತ್ರವನ್ನು ಅಚ್ಚಿಗೆ ಸಜ್ಜು ಮಾಡುವುದು

ಇವತ್ತು ಒಂದೇ ಒಂದು ಚಿತ್ರ ಹಿಡಿದುಕೊಂಡು ಮಾತಾಡೋಣ. ಗಾಜಿನ ಬಾಟಲಿ, ಒಳಗೆ ಅಪ್ಪೆಮಿಡಿ ಉಪ್ಪಿನಕಾಯಿ, ಮೇಲೆ ಚಿನ್ನದ ಬಣ್ಣದ ತಿರುಪು ಮುಚ್ಚಳ, ಹಿಂದೆ ಬಿಳಿ. ಇಮೇಜ್ ಜನರೇಟರ್ ಕೊಟ್ಟದ್ದು 1024×1024 ಪಿಕ್ಸೆಲ್. ಪರದೆಯ ಮೇಲೆ ಬಾಯಲ್ಲಿ ನೀರು ಬರುವ ಹಾಗಿದೆ. ಇದು ಕಾರ್ಟನ್ನಿನ ಮುಂಭಾಗಕ್ಕೆ ಹೋಗಬೇಕು. ಆ ಭಾಗ 90 ಮಿಲಿಮೀಟರ್ ಅಗಲ, 130 ಎತ್ತರ. ಅದರಲ್ಲಿ ಬಾಟಲಿ ಮಾತ್ರ 95 ಮಿಲಿಮೀಟರ್ ಎತ್ತರ ನಿಲ್ಲಬೇಕು. ಆಫ್‌ಸೆಟ್ ಅಚ್ಚು, ಆರ್ಟ್ ಬೋರ್ಡ್.

ಪ್ರೆಸ್ಸಿನವರು ಚಿತ್ರ ನೋಡಿದ ಕೂಡಲೇ ಹೇಳುವುದು ಒಂದೇ ಮಾತು: "300 ಡಿಪಿಐ ಮಾಡಿ ಕಳಿಸಿ." ನಮ್ಮಲ್ಲಿ ಎಷ್ಟೋ ಜನ ಏನು ಮಾಡುತ್ತಾರೆ? ಫೋಟೋಶಾಪ್‌ನಲ್ಲಿ `Image Size` ತೆರೆದು, `Resolution` ಎಂದಿರುವಲ್ಲಿ 72 ಅಳಿಸಿ 300 ಬರೆದು, ಸೇವ್ ಮಾಡಿ ಕಳಿಸುತ್ತಾರೆ. ಅಲ್ಲಿ `Resample` ಟಿಕ್ ತೆಗೆದಿದ್ದರೆ ಚಿತ್ರದ ಒಂದು ಪಿಕ್ಸೆಲ್ಲೂ ಬದಲಾಗಿಲ್ಲ, ಫೈಲಿನ ಹಣೆಪಟ್ಟಿ ಮಾತ್ರ ಬದಲಾಯಿತು. ಟಿಕ್ ಇದ್ದರೆ 1024 ಪಿಕ್ಸೆಲ್ಲು 4267 ಆಗಿ ಹಿಗ್ಗಿತು, ಆದರೆ ಹೊಸ ವಿವರ ಏನೂ ಬರಲಿಲ್ಲ. ಸೇರಿನಲ್ಲಿದ್ದ ಮಜ್ಜಿಗೆಗೆ ಕೊಡ ನೀರು ಸೇರಿಸಿದ ಹಾಗೆ.

ಹಾಗಾದರೆ ಲೆಕ್ಕ ಎಲ್ಲಿಂದ ಶುರು ಮಾಡಬೇಕು? ಚಿತ್ರದ ಅಗಲದಿಂದ ಅಲ್ಲ, ವಸ್ತುವಿನಿಂದ. ನಮ್ಮ 1024 ಪಿಕ್ಸೆಲ್ ಎತ್ತರದಲ್ಲಿ ಬಾಟಲಿ ಹಿಡಿದಿರುವುದು 620 ಪಿಕ್ಸೆಲ್ ಮಾತ್ರ. ಉಳಿದದ್ದು ಮೇಲೆ ಕೆಳಗೆ ಬಿಟ್ಟ ಖಾಲಿ ಬಿಳಿ. 95 ಮಿಲಿಮೀಟರ್ ಅಂದರೆ 3.74 ಇಂಚು. 620ನ್ನು 3.74ರಿಂದ ಭಾಗಿಸಿದರೆ 166. ಅಂದರೆ ಕಾಗದದ ಮೇಲೆ ಇಳಿದಾಗ ಈ ಬಾಟಲಿಯ ನಿಜವಾದ ರೆಸಲ್ಯೂಷನ್ ಇಂಚಿಗೆ 166 ಪಿಕ್ಸೆಲ್. ಇನ್‌ಡಿಸೈನ್‌ನಲ್ಲಿ ಚಿತ್ರ ಇಟ್ಟು `Links` ಪ್ಯಾನೆಲ್ ನೋಡಿದರೆ `Actual PPI`, `Effective PPI` ಎಂದು ಎರಡು ಸಂಖ್ಯೆ ಕಾಣುತ್ತವೆ. ಮೊದಲನೆಯದು ಆ ಹಣೆಪಟ್ಟಿ, ಅದನ್ನು ಮರೆತುಬಿಡಿ. ಎರಡನೆಯದೇ ನಮಗೆ ಬೇಕಾದದ್ದು.

300 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂಬುದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ಮಂತ್ರದ ಹಾಗೆ ಜಪಿಸುವವರೇ ಹೆಚ್ಚು. ಆಫ್‌ಸೆಟ್‌ನಲ್ಲಿ ಚಿತ್ರ ಚುಕ್ಕೆಗಳಾಗಿ ಒಡೆಯುತ್ತದೆ. ಒಳ್ಳೆ ಆರ್ಟ್ ಪೇಪರಿನ ಮೇಲೆ ಸಾಮಾನ್ಯವಾಗಿ ಇಂಚಿಗೆ 150 ಸಾಲು ಚುಕ್ಕೆ. ಒಂದು ಸಾಲಿಗೆ ಎರಡು ಪಿಕ್ಸೆಲ್ ಇರಲಿ ಎಂಬ ಲೆಕ್ಕದಲ್ಲಿ 300. ಒಂದೂವರೆ ಪಿಕ್ಸೆಲ್ ಇದ್ದರೂ, ಅಂದರೆ 225 ಇದ್ದರೂ, ಹೆಚ್ಚಿನ ಚಿತ್ರಗಳಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಸುದ್ದಿಪತ್ರಿಕೆಯ ಕಾಗದದಲ್ಲಿ ಸಾಲುಗಳೇ 85ರಿಂದ 100, ಅಲ್ಲಿಗೆ 200 ಸಾಕು.

ಕಣ್ಣಿನ ಕಡೆಯಿಂದ ಬಂದರೂ ಲೆಕ್ಕ ಅಲ್ಲಿಗೇ ಬಂದು ನಿಲ್ಲುತ್ತದೆ. ಒಳ್ಳೆ ಕಣ್ಣು ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗದಷ್ಟು ಸೂಕ್ಷ್ಮವನ್ನು ಬಿಡಿಸಿ ನೋಡಬಲ್ಲದು. 30 ಸೆಂಟಿಮೀಟರ್ ದೂರದಲ್ಲಿ ಅದು 0.087 ಮಿಲಿಮೀಟರ್, ಇಂಚಿಗೆ ಸುಮಾರು 290. ಅದೇ ಎರಡು ಮೀಟರ್ ದೂರಕ್ಕೆ ಹೋದರೆ ಇಂಚಿಗೆ 44 ಸಾಕು. ಅದಕ್ಕೇ ಅಂಗಡಿ ಬಾಗಿಲಲ್ಲಿ ನಿಲ್ಲಿಸುವ ಸ್ಟ್ಯಾಂಡಿಗೆ ನೀವು ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೈಯಲ್ಲಿ ಹಿಡಿದು ತಿರುಗಿಸಿ ನೋಡುವ ಡಬ್ಬಿ ಮಾತ್ರ ಕಠಿಣ ಪರೀಕ್ಷೆ.

ಈಗ 166 ಇದೆ, 300 ಬೇಕು. ಹಿಗ್ಗಿಸಬೇಕಾದದ್ದು 1.8 ಪಟ್ಟು ಮಾತ್ರ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಾಲ್ಕು ಪಟ್ಟು, ಎಂಟು ಪಟ್ಟು ಎಂದು ಸಾಫ್ಟ್‌ವೇರ್ ಆಸೆ ತೋರಿಸುತ್ತದೆ, ನಮಗೆ ಬೇಕಿರುವುದು ಎರಡಕ್ಕಿಂತ ಕಡಿಮೆ.

ಹಿಗ್ಗಿಸುವ ಮೊದಲು ಇನ್ನೊಂದು ದಾರಿ ಇದೆ, ಅದಕ್ಕೆ ಖರ್ಚೂ ಇಲ್ಲ. ಬಾಟಲಿ ಚೌಕಟ್ಟು ತುಂಬುವ ಹಾಗೆ ಚಿತ್ರವನ್ನು ಮತ್ತೆ ಜನರೇಟ್ ಮಾಡಿ. 620ರ ಬದಲು 900 ಪಿಕ್ಸೆಲ್ ಎತ್ತರ ಸಿಕ್ಕರೆ 95 ಮಿಲಿಮೀಟರಿಗೆ 241 ಪಿಪಿಐ ಆಯಿತು. ಹಿಗ್ಗಿಸುವ ಗೊಡವೆಯೇ ಇಲ್ಲದೆ ಅಚ್ಚಿಗೆ ಹೋಗಬಹುದು. ಬಿಳಿ ಹಿನ್ನೆಲೆಯನ್ನು ಆಮೇಲೆ ಎಷ್ಟು ಬೇಕಾದರೂ ಸೇರಿಸಿಕೊಳ್ಳಬಹುದು, ಬಿಳಿಗೆ ಪಿಕ್ಸೆಲ್ ದಂಡ ಮಾಡುವುದು ಯಾಕೆ?

ಆದರೆ 1024 ಪಿಕ್ಸೆಲ್ ಇದೆ ಎಂದ ಮಾತ್ರಕ್ಕೆ 1024 ಪಿಕ್ಸೆಲ್ಲಿನಷ್ಟು ವಿವರ ಇದೆ ಎಂದಲ್ಲ. ಸ್ಟೇಬಲ್ ಡಿಫ್ಯೂಷನ್ ಎಕ್ಸ್‌ಎಲ್‌ನಂಥ ಮಾದರಿ ಚಿತ್ರವನ್ನು ನೇರವಾಗಿ ಪಿಕ್ಸೆಲ್ಲಿನಲ್ಲಿ ಬರೆಯುವುದಿಲ್ಲ. 128×128ರ ಒಂದು ಸಂಕುಚಿತ ರೂಪದಲ್ಲಿ ಬರೆದು, ಕೊನೆಗೆ ಅದನ್ನು ಎಂಟು ಪಟ್ಟು ಬಿಚ್ಚಿ 1024 ಮಾಡುತ್ತದೆ. ಎಂಟು ಪಿಕ್ಸೆಲ್ಲಿಗಿಂತ ಚಿಕ್ಕ ವಿಷಯಗಳು, ಅಂದರೆ ಸಾಸಿವೆ ಕಾಳಿನ ಅಂಚು, ಮುಚ್ಚಳದ ಸಣ್ಣ ಗೆರೆ, ಲೇಬಲ್ಲಿನ ಪುಟ್ಟ ಅಕ್ಷರ, ಬಹುಮಟ್ಟಿಗೆ ಬಿಚ್ಚುವಾಗಿನ ಅಂದಾಜು. ಕ್ಯಾಮೆರಾದಲ್ಲಿ ಕೈ ಅಲುಗಿ ಮಸುಕಾದ ಫೋಟೋಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ. ಅಲ್ಲಿ ಮಸುಕಿನ ಹಿಂದೆ ನಿಜವಾದ ಸಾಸಿವೆ ಇತ್ತು. ಇಲ್ಲಿ ಸಾಸಿವೆ ಇರಲೇ ಇಲ್ಲ.

ಅದಕ್ಕೇ ಶುಚಿ ಮಾಡುವ ಕೆಲಸ ಮೊದಲು, ಹಿಗ್ಗಿಸುವುದು ಆಮೇಲೆ. ಹಿಗ್ಗಿಸುವ ಸಾಫ್ಟ್‌ವೇರಿಗೆ ತಪ್ಪು ಯಾವುದು, ಸರಿ ಯಾವುದು ಗೊತ್ತಿಲ್ಲ. ಮಸುಕಾಗಿದ್ದ ತಪ್ಪನ್ನು ಅದು ಚೂಪಾದ ತಪ್ಪಾಗಿ ಮಾಡಿಕೊಡುತ್ತದೆ. 620 ಪಿಕ್ಸೆಲ್ಲಿನಲ್ಲಿ ಎರಡು ಸಲ ಬ್ರಷ್ ಎಳೆದರೆ ಹೋಗುವ ತಪ್ಪು, 2480 ಪಿಕ್ಸೆಲ್ಲಿನಲ್ಲಿ ಅರ್ಧ ಗಂಟೆ ತಿನ್ನುತ್ತದೆ.

ನಮ್ಮ ಬಾಟಲಿಯಲ್ಲಿ ಏನೇನು ನೋಡಬೇಕು? ಮುಚ್ಚಳದ ಕೆಳಗೆ ಗಾಜಿನ ತಿರುಪು ನೋಡಿ. ಎಡದಿಂದ ಹೊರಟ ಗೆರೆ ಬಲಕ್ಕೆ ಬರುವಷ್ಟರಲ್ಲಿ ಇನ್ನೊಂದರ ಜೊತೆ ಕೂಡಿಬಿಟ್ಟಿರುತ್ತದೆ. ಬಾಟಲಿಯ ಬಾಯಿ ಮತ್ತು ತಳ ಎರಡೂ ಅಂಡಾಕಾರ. ಕ್ಯಾಮೆರಾ ಬಾಯಿಗಿಂತ ಸ್ವಲ್ಪ ಮೇಲಿದ್ದರೆ ತಳದ ಅಂಡ ಬಾಯಿಯ ಅಂಡಕ್ಕಿಂತ ಹೆಚ್ಚು ದುಂಡಗಿರಬೇಕು. ಜನರೇಟ್ ಆದ ಚಿತ್ರದಲ್ಲಿ ತಳ ಚಪ್ಪಟೆ, ಬಾಯಿ ದುಂಡಗೆ ಇರುವುದು ಸಾಮಾನ್ಯ. ನೋಡುವವನಿಗೆ ಕಾರಣ ಹೇಳಲು ಬಾರದು, ಆದರೆ ಬಾಟಲಿ ನೆಲಕ್ಕೆ ಕೂತಿಲ್ಲ ಎನ್ನಿಸುತ್ತದೆ. ಎಲಿಪ್ಸ್ ಸೆಲೆಕ್ಷನ್ ಇಟ್ಟು ತಾಳೆ ನೋಡಿ, `Warp`ನಲ್ಲಿ ತಳವನ್ನು ಸ್ವಲ್ಪ ಕೆಳಗೆ ಎಳೆದರೆ ಸರಿಹೋಗುತ್ತದೆ.

ಆಮೇಲೆ ಮಿಡಿ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಸಿರ್ಸಿ, ಸಾಗರದ ಕಡೆಯವರು ಯಾರಾದರೂ ಇದ್ದರೆ ನಾನು ಹೇಳುವ ಮೊದಲೇ ನಗುತ್ತಾರೆ. ಮಿಡಿಯನ್ನು ತೊಟ್ಟಿನ ಸಮೇತ ಉಪ್ಪಿಗೆ ಹಾಕುತ್ತಾರೆ, ಉಪ್ಪಿನಲ್ಲಿ ನೀರು ಬಿಟ್ಟು ಅದು ಸುಕ್ಕುಗಟ್ಟುತ್ತದೆ. ಜನರೇಟರ್ ಬರೆದ ಮಿಡಿಗೆ ತೊಟ್ಟೇ ಇಲ್ಲ, ಸುಕ್ಕೂ ಇಲ್ಲ. ನುಣ್ಣಗೆ ಹೊಳೆಯುವ ಹಸಿರು ಆಲಿವ್ ಹಣ್ಣಿನ ಹಾಗಿದೆ. ಇಂಥದ್ದನ್ನು ಹಿಗ್ಗಿಸಿ ಎಷ್ಟು ಚೂಪು ಮಾಡಿದರೂ ಅದು ಮಿಡಿ ಆಗುವುದಿಲ್ಲ. ಆಹಾರದ ಪೊಟ್ಟಣದ ಲೇಬಲ್ಲು ಒಳಗಿನ ಪದಾರ್ಥದ ಬಗ್ಗೆ ತಪ್ಪು ತಿಳಿವಳಿಕೆ ಕೊಡಬಾರದು ಎಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೂ ಹೌದು. ಇಲ್ಲಿ ನನ್ನ ಸಲಹೆ ನೇರ: ಒಳಗಿನ ಮಿಡಿಯನ್ನು ಫೋನಿನಲ್ಲಾದರೂ ಸರಿ, ನಿಜವಾಗಿ ಫೋಟೋ ತೆಗೆದು, ಅದೇ ದಿಕ್ಕಿನ ಬೆಳಕಿನಲ್ಲಿ, ಗಾಜಿನ ಹಿಂದಿನ ಲೇಯರ್ ಆಗಿ ಕೂರಿಸಿ. ಗಾಜು, ಮುಚ್ಚಳ, ನೆರಳು, ಹಿನ್ನೆಲೆ ಇವುಗಳಲ್ಲಿ ಅಂದಾಜು ನಡೆಯುತ್ತದೆ. ಮಾರುವ ವಸ್ತುವಿನಲ್ಲಿ ನಡೆಯುವುದಿಲ್ಲ.

ಲೇಬಲ್ಲಿನ ಅಕ್ಷರಗಳನ್ನು ತಿದ್ದಲು ಹೋಗಬೇಡಿ, ಅಳಿಸಿಬಿಡಿ. ಜನರೇಟರ್ ಬರೆದ ಕನ್ನಡ ನೋಡಿದ್ದೀರಲ್ಲ, ಒತ್ತಕ್ಷರ ಒಂದು ಕಡೆ, ತಲೆಕಟ್ಟು ಇನ್ನೊಂದು ಕಡೆ. ಲೇಬಲ್ ಜಾಗವನ್ನು ಖಾಲಿ ಕಾಗದವಾಗಿ ಮಾಡಿ ಇಟ್ಟುಕೊಳ್ಳಿ. ಬಾಟಲಿಯ ಬಾಗಿಗೆ ತಕ್ಕ ನೆರಳು, ಹೊಳಪು ಹಾಗೇ ಇರಲಿ. ನಿಜವಾದ ಲೇಬಲ್ಲನ್ನು ವೆಕ್ಟರ್ ಫೈಲಿನಿಂದ ಕೊನೆಗೆ ಬಗ್ಗಿಸಿ ಕೂರಿಸುತ್ತೇವೆ.

ಕೆಲವರು ಚಿತ್ರವನ್ನು ಜೆಪೆಗ್‌ನಲ್ಲಿ ಇಳಿಸಿಕೊಂಡಿರುತ್ತಾರೆ. ಅಂಚಿನ ಸುತ್ತ ಸೊಳ್ಳೆ ಮುತ್ತಿದ ಹಾಗೆ ಕಾಣುವ ಚುಕ್ಕೆ, ಎಂಟೆಂಟು ಪಿಕ್ಸೆಲ್ಲಿನ ಚೌಕ, ಇವು ಹಿಗ್ಗಿಸಿದಾಗ ಗಾಜಿನ ಮೇಲಿನ ಗೀರಾಗಿ ಕಾಣುತ್ತವೆ. ಸಾಧ್ಯವಿದ್ದರೆ ಪಿಎನ್‌ಜಿಯಲ್ಲೇ ಇಳಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದದ್ದಂತೂ ಬೇಡವೇ ಬೇಡ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಈಗ ಹಿಗ್ಗಿಸೋಣ. ಉಚಿತವಾಗಿ ಸಿಗುವ ರಿಯಲ್-ಇಎಸ್‌ಆರ್‌ಗ್ಯಾನ್ ಹಿಡಿದು ತೋರಿಸುತ್ತೇನೆ. 2021ರಲ್ಲಿ ಬಂದದ್ದು, ಇವತ್ತಿಗೂ ಉಪಯೋಗದಲ್ಲಿದೆ. ಕಮಾಂಡ್ ಇಷ್ಟೇ:

```
realesrgan-ncnn-vulkan -i jar_clean.png -o jar_4x.png -n realesrgan-x4plus
```

ಕೊನೆಯ `-n` ಮರೆಯಬೇಡಿ. ಅದಿಲ್ಲದಿದ್ದರೆ ಈ ಪ್ರೋಗ್ರಾಂ ತಾನಾಗಿ `realesr-animevideov3` ಎಂಬ ಮಾದರಿ ಹಿಡಿಯುತ್ತದೆ. ಅದು ಕಾರ್ಟೂನ್ ವಿಡಿಯೋಗೆ ಮಾಡಿದ್ದು. ಮಸಾಲೆ ಎಲ್ಲಾ ಬಣ್ಣ ಬಳಿದ ಹಾಗೆ ಚಪ್ಪಟೆಯಾಗಿ ಬಂದರೆ ಮೊದಲು ಇದನ್ನು ನೋಡಿ.

4096 ಪಿಕ್ಸೆಲ್ಲಿನ ಚಿತ್ರ ಬಂತು. ಬಾಟಲಿ 2480 ಪಿಕ್ಸೆಲ್. ಇದನ್ನೇ ಅಚ್ಚಿಗೆ ಕಳಿಸಬಾರದು, ಬೇಕಾದಷ್ಟಕ್ಕೆ ಇಳಿಸಬೇಕು. ನಮಗೆ ಬೇಕಾದದ್ದು ಬಾಟಲಿ ಸುಮಾರು 1122 ಪಿಕ್ಸೆಲ್, ಅಂದರೆ ಇಡೀ ಚಿತ್ರ 1853. ಮುಂದೆ ಪರೀಕ್ಷೆಗೆ ಅರ್ಧ ಮಾಡಬೇಕಾಗುತ್ತದೆ, ಸಮಸಂಖ್ಯೆ ಇರಲಿ ಎಂದು 1856 ಇಟ್ಟುಕೊಳ್ಳೋಣ. ಮೂರು ಮಿಲಿಮೀಟರ್ ಬ್ಲೀಡ್ ಸೇರಿಸಿದ ಮುಂಭಾಗಕ್ಕೆ 1134×1606 ಸಾಕು, ಅದು ಇದರೊಳಗೆ ಸಲೀಸಾಗಿ ಕೂರುತ್ತದೆ. ಇಳಿಸಲು ಇಮೇಜ್‌ಮ್ಯಾಜಿಕ್ ಎಂಬ ಉಚಿತ ಸಾಧನ ಸಾಕು:

```
magick jar_4x.png -filter Lanczos -resize 1856x1856 -units PixelsPerInch -density 300 jar_300.png
magick jar_clean.png -filter Mitchell -resize 1856x1856 jar_plain.png
```

ಎರಡನೇ ಸಾಲು ಯಾಕೆ? ಶುಚಿ ಮಾಡಿದ ಮೂಲ ಚಿತ್ರವನ್ನು ಯಾವ ಕಲ್ಪನೆಯೂ ಇಲ್ಲದೆ, ಬರೀ ಗಣಿತದಿಂದ ಅದೇ ಅಳತೆಗೆ ಹಿಗ್ಗಿಸಿಟ್ಟುಕೊಂಡೆವು. ಇದು ಮಸುಕಾಗಿರುತ್ತದೆ, ಆದರೆ ಸುಳ್ಳು ಹೇಳುವುದಿಲ್ಲ. ಎರಡನ್ನೂ ಫೋಟೋಶಾಪ್‌ನಲ್ಲಿ ಒಂದರ ಮೇಲೊಂದು ಇಟ್ಟು, ಮೇಲಿನ ಲೇಯರ್ ಆಫ್ ಮಾಡಿ ಆನ್ ಮಾಡಿ ನೋಡಿ. ಎಲ್ಲಿ ಆಕಾರವೇ ಬದಲಾಯಿತೋ ಅಲ್ಲಿ ಸಾಫ್ಟ್‌ವೇರ್ ಕತೆ ಕಟ್ಟಿದೆ. ಒಂದಕ್ಕೊಂದು ಅಂಟಿಕೊಂಡ ಸಾಸಿವೆ ಕಾಳುಗಳು ಹುಳುವಿನಂಥ ಗೆರೆಯಾಗಿರುತ್ತವೆ. ಗಾಜಿನ ಹೊಳಪಿನ ಮೆತ್ತನೆ ಅಂಚು ಕತ್ತರಿಸಿದ ಹಾಗೆ ಆಗಿರುತ್ತದೆ. ಅಂಥ ಕಡೆ ಮಾಸ್ಕ್ ಹಾಕಿ ಮಸುಕು ಚಿತ್ರವನ್ನೇ ಕಾಣಿಸಿ. ಉಳಿದ ಕಡೆಯೂ ಮೇಲಿನ ಲೇಯರನ್ನು ನೂರಕ್ಕೆ ನೂರು ಬಿಡದೆ, ಒಪ್ಯಾಸಿಟಿ 60, 70ರಲ್ಲಿ ಇಡುವುದು ನನಗೆ ಒಪ್ಪಿಗೆ. ಪ್ಲಾಸ್ಟಿಕ್ ಛಾಯೆ ಬಹುಪಾಲು ಅಲ್ಲೇ ಇಳಿಯುತ್ತದೆ.

ಪ್ಲಾಸ್ಟಿಕ್ ಛಾಯೆ ಬರುವುದಕ್ಕೆ ಕಾರಣ ಇದೆ. ಈ ಮಾದರಿಯನ್ನು ಕಲಿಸಿದ್ದೇ ಬೇಕೆಂದು ಕೆಡಿಸಿದ ಚಿತ್ರಗಳಿಂದ. ಒಳ್ಳೆ ಚಿತ್ರಕ್ಕೆ ಮಸುಕು, ಚುಕ್ಕೆ, ಜೆಪೆಗ್ ಗಲೀಜು ಸೇರಿಸಿ, ಇದರಿಂದ ಅದನ್ನು ಹಿಂದಕ್ಕೆ ಪಡೆ ಎಂದು ಕಲಿಸಿದರು. ಹಾಗಾಗಿ ಸಣ್ಣ ಕಣ ಕಂಡರೆ ಅದಕ್ಕೆ ಗಲೀಜು ಎಂದೇ ಅನುಮಾನ. ಮೆಣಸಿನಪುಡಿಯ ತರಿಯನ್ನೂ ಅದು ಗುಡಿಸಿಹಾಕುತ್ತದೆ. ಇದೇ ಬಳಗದಲ್ಲಿ `realesrnet-x4plus` ಎಂಬ ಇನ್ನೊಂದು ಮಾದರಿ ಇದೆ, ನಿಮ್ಮ ಪ್ಯಾಕೇಜಿನಲ್ಲಿ ಇಲ್ಲದಿದ್ದರೆ ಬೇರೆಯಾಗಿ ಇಳಿಸಿಕೊಳ್ಳಿ. ಅದು ಕಡಿಮೆ ಚೂಪು, ಕಲ್ಪನೆಯೂ ಕಡಿಮೆ. ಸಾಸಿವೆ ಹುಳುವಾಗುತ್ತಿದ್ದರೆ ಅದನ್ನು ಹಾಕಿ ನೋಡಿ. ಇನ್ನು ಡಿಫ್ಯೂಷನ್ ಬಳಸಿ ಹಿಗ್ಗಿಸುವ ಹೊಸ ಸಾಧನಗಳಿವೆ. ಅವು ನೋಡಲು ಬೆರಗು ಹುಟ್ಟಿಸುತ್ತವೆ, ಆದರೆ ಕಲ್ಪನೆಗೆ ಲಗಾಮಿಲ್ಲ. ಹಿನ್ನೆಲೆಯಲ್ಲಿ ಮರದ ಹಲಗೆ ಇದ್ದರೆ ಅದಕ್ಕೆ ಬಳಸಿ, ಬಾಟಲಿಗೆ ಬೇಡ.

ಒಂದು ತಾಂತ್ರಿಕ ಕಿರಿಕಿರಿಯನ್ನೂ ಹೇಳಬೇಕು. ಮೆಮೊರಿ ಸಾಲದೆಂದು ಈ ಪ್ರೋಗ್ರಾಂ ಚಿತ್ರವನ್ನು ತುಂಡು ಮಾಡಿ, ಒಂದೊಂದನ್ನೇ ಹಿಗ್ಗಿಸಿ, ಮತ್ತೆ ಹೊಲಿಯುತ್ತದೆ. ಹೊಲಿಗೆ ಕಾಣುವುದು ನುಣುಪಾದ ಕಡೆ, ಅಂದರೆ ಹಿನ್ನೆಲೆಯ ನೆರಳಿನಲ್ಲಿ ಮತ್ತು ಗಾಜಿನ ಬಾಗಿನಲ್ಲಿ. ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. `Curves` ಲೇಯರ್ ಹಾಕಿ ಕಾಂಟ್ರಾಸ್ಟ್ ವಿಪರೀತ ಏರಿಸಿ ನೋಡಿ, ಹೊಲಿಗೆ ಇದ್ದರೆ ಚೌಕಾಕಾರ ಎದ್ದು ಬರುತ್ತದೆ. ಕಂಡರೆ `-t` ಕೊಟ್ಟು ತುಂಡನ್ನು ದೊಡ್ಡದು ಮಾಡಿ ಮತ್ತೆ ಓಡಿಸಿ.

ಈಗ ಪರೀಕ್ಷೆ. ಇಲ್ಲಿಯವರೆಗೆ ಮಾಡಿದ್ದರಿಂದ ಇನ್‌ಡಿಸೈನ್ 300 ಎಂದು ತೋರಿಸುತ್ತದೆ, ಪ್ರೆಸ್ಸಿನವರೂ ಒಪ್ಪುತ್ತಾರೆ. ಆದರೆ ಚಿತ್ರದಲ್ಲಿ 300ರಷ್ಟು ವಿವರ ಇದೆಯೇ, ಅಥವಾ 150ಕ್ಕೆ 300ರ ಅಂಗಿ ತೊಡಿಸಿದ್ದೇವೆಯೇ? ಅದನ್ನು ಪತ್ತೆ ಮಾಡಲು ಸರಳ ಉಪಾಯ ಇದೆ. ಚಿತ್ರವನ್ನು ಅರ್ಧಕ್ಕೆ ಇಳಿಸಿ, ಮತ್ತೆ ಮೊದಲಿನಷ್ಟಕ್ಕೆ ಏರಿಸಿ, ಮೂಲದಿಂದ ಕಳೆಯುವುದು. ಅರ್ಧ ಮಾಡಿದಾಗ ಏನೂ ಕಳೆದುಹೋಗಲಿಲ್ಲ ಎಂದರೆ ಕಳೆದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ ಎಂದರ್ಥ.

```
magick jar_300.png -resize 50% -resize 200% half.png
magick jar_300.png half.png -compose difference -composite -evaluate multiply 8 diff.png
```

`diff.png` ಹೆಚ್ಚು ಕಡಿಮೆ ಕಪ್ಪಾಗಿರುತ್ತದೆ. ವ್ಯತ್ಯಾಸ ಕಣ್ಣಿಗೆ ಕಾಣಲಿ ಎಂದೇ ಎಂಟು ಪಟ್ಟು ಏರಿಸಿದ್ದು. ಕೆಲವರು ಇಲ್ಲಿ `-auto-level` ಹಾಕುತ್ತಾರೆ, ಅದು ಮೋಸ. ಎಷ್ಟೇ ಕಡಿಮೆ ವ್ಯತ್ಯಾಸ ಇದ್ದರೂ ಅದು ಎಳೆದು ಬೆಳ್ಳಗೆ ಮಾಡುತ್ತದೆ, ಎಲ್ಲ ಚಿತ್ರವೂ ಪಾಸಾದ ಹಾಗೆ ಕಾಣುತ್ತದೆ. ಎಂಟು ಎಂದರೆ ಎಂಟು, ಎಲ್ಲ ಚಿತ್ರಕ್ಕೂ ಅಷ್ಟೇ ಇರಲಿ. ಆಗ ಒಂದನ್ನು ಇನ್ನೊಂದರ ಜೊತೆ ಹೋಲಿಸಬಹುದು.

ಈ ಕಪ್ಪು ಚಿತ್ರವನ್ನು ಓದುವುದು ಹೇಗೆ? ಬಾಟಲಿಯ ಹೊರಗೆರೆ, ಮುಚ್ಚಳದ ಅಂಚು, ಹೊಳಪಿನ ಅಂಚು ಮಾತ್ರ ತೆಳ್ಳಗೆ ಬೆಳಗುತ್ತಿದ್ದು, ಒಳಗಿನ ಮಸಾಲೆಯ ಜಾಗ ಪೂರ್ತಿ ಕಪ್ಪಾಗಿದ್ದರೆ, ಅದು ಹಿಗ್ಗಿಸುವ ಸಾಫ್ಟ್‌ವೇರಿನ ರುಜು. ಗೆರೆಗಳನ್ನು ಚೂಪು ಮಾಡಿದೆ, ಮೈಯನ್ನು ನುಣ್ಣಗೆ ಸವರಿದೆ. ನಿಜವಾದ ಫೋಟೋದಲ್ಲಿ ಹಾಗಾಗುವುದಿಲ್ಲ, ಮಸಾಲೆಯ ತರಿಯೂ ಅಂಚಿನ ಜೊತೆಗೇ ಮಿನುಗುತ್ತದೆ. ನೀವು ಫೋನಿನಲ್ಲಿ ತೆಗೆದು ಕೂರಿಸಿದ ಮಿಡಿ ಇದೆಯಲ್ಲ, ಅದರ ಜಾಗ ಒಂದು ಥರ, ಪಕ್ಕದ ಜಾಗ ಇನ್ನೊಂದು ಥರ ಕಂಡರೆ ಅಚ್ಚಿನಲ್ಲೂ ಹಾಗೇ ಕಾಣುತ್ತದೆ, ಅಂಟಿಸಿದ್ದು ಎಂದು ಗೊತ್ತಾಗುತ್ತದೆ.

ಎಲ್ಲ ಕಡೆಯೂ ಬೆಳಕು ಬೇಕು ಎಂದೇನಿಲ್ಲ. ಗಾಜಿನ ನುಣುಪು ಭಾಗ, ಬಿಳಿ ಹಿನ್ನೆಲೆ ಕಪ್ಪಾಗಿದ್ದರೆ ತಪ್ಪಲ್ಲ, ನಿಜವಾದ ಗಾಜಿನಲ್ಲೂ ಅಲ್ಲಿ ವಿವರ ಇರುವುದಿಲ್ಲ. ಹಿನ್ನೆಲೆಯನ್ನು ಬಿಟ್ಟು, ಮಸಾಲೆ ಇರುವ ಜಾಗವನ್ನು ಮಾತ್ರ ಕತ್ತರಿಸಿ ನೋಡಿ.

ಶಾರ್ಪ್‌ನೆಸ್ಸಿಗೆ ಒಂದೇ ಸಂಖ್ಯೆ ಕೊಡುವ ಉಪಾಯವೂ ಇದೆ, ಲ್ಯಾಪ್ಲೇಸಿಯನ್‌ನ ವೇರಿಯನ್ಸ್ ಎಂದು. ಪ್ರೋಗ್ರಾಮಿಂಗ್ ಗೊತ್ತಿರುವವರು ಓಪನ್‌ಸಿವಿಯಲ್ಲಿ ಒಂದು ಸಾಲಿನಲ್ಲಿ ತೆಗೆಯುತ್ತಾರೆ. ನೂರಾರು ಚಿತ್ರಗಳಲ್ಲಿ ತೀರಾ ಮಸುಕಾದದ್ದನ್ನು ಹೆಕ್ಕಲು ಅದು ಸರಿ. ಆದರೆ ಚಿತ್ರಕ್ಕೆ ಒಂದಿಷ್ಟು ಗದ್ದಲದ ಚುಕ್ಕೆ ಎರಚಿದರೂ, ಅಂಚಿಗೆ ಬಿಳಿ ಪ್ರಭಾವಳಿ ಬಂದರೂ ಆ ಸಂಖ್ಯೆ ಏರುತ್ತದೆ. ಒಂದು ಚಿತ್ರ ಚೆನ್ನಾಗಿದೆ ಎಂದು ತೀರ್ಮಾನಿಸಲು ಅದನ್ನು ನಂಬಬೇಡಿ.

ಮುಂದೆ ಬಿಳಿ ಹಿನ್ನೆಲೆ. ಪ್ರೆಸ್ಸಿನಲ್ಲಿ ಹೆಚ್ಚು ಜಗಳ ಆಗುವುದು ಇದರಿಂದಲೇ. ಜನರೇಟರಿನ ಬಿಳಿ ಬಿಳಿಯಲ್ಲ. ಫೋಟೋಶಾಪ್‌ನ `Info` ಪ್ಯಾನೆಲ್ ತೆರೆದು ಕರ್ಸರ್ ಇಟ್ಟರೆ 247, 248, 250 ಎಂಬ ಹಾಗೆ ತೋರಿಸುತ್ತದೆ. ಪರದೆಯಲ್ಲಿ ವ್ಯತ್ಯಾಸ ಕಾಣದು. ಅಚ್ಚಿಗೆ ಇಳಿದಾಗ ಅಲ್ಲಿ ಎರಡು ಮೂರು ಶೇಕಡಾ ಶಾಯಿ ಚುಕ್ಕೆ ಬೀಳುತ್ತದೆ. ಕಾಗದದ ಬಿಳಿ ಒಂದು ಕಡೆ, ಚಿತ್ರದ ಚೌಕಟ್ಟಿನೊಳಗೆ ಒಗೆದರೂ ಹೋಗದ ಮಾಸಲು ಇನ್ನೊಂದು ಕಡೆ, ನಡುವೆ ಸ್ಪಷ್ಟ ಗೆರೆ. ಇದನ್ನು ಹಿಡಿಯಲು `Threshold` ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ 254ಕ್ಕೆ ಇಡಿ. ನಿಜವಾದ ಬಿಳಿ ಬಿಳಿಯಾಗೇ ಉಳಿಯುತ್ತದೆ, ಉಳಿದದ್ದೆಲ್ಲ ಕಪ್ಪು. ಬಾಟಲಿ ಮತ್ತು ಅದರ ನೆರಳು ಮಾತ್ರ ಕಪ್ಪಾಗಿರಬೇಕು.

ಸರಿಪಡಿಸಲು ಇಡೀ ಚಿತ್ರದ `Levels` ಏರಿಸಿದರೆ ಗಾಜಿನ ಹೊಳಪೂ ಸುಟ್ಟುಹೋಗುತ್ತದೆ, ಪಾರದರ್ಶಕ ಅಂಚು ಮಾಯವಾಗುತ್ತದೆ. ಪೆನ್ ಟೂಲಿನಲ್ಲಿ ಬಾಟಲಿಯ ಸುತ್ತ ಪಾತ್ ಎಳೆದು, ಅರ್ಧ ಪಿಕ್ಸೆಲ್ ಫೆದರ್ ಕೊಟ್ಟು ಮಾಸ್ಕ್ ಮಾಡಿ. ನೆರಳನ್ನು ಬೇರೆ ಲೇಯರಿನಲ್ಲಿ `Multiply`ಗೆ ಇಟ್ಟು, ಹಿನ್ನೆಲೆಯನ್ನು 255 ಮಾಡಿ. ನೆರಳು ಬಿಳಿಗೆ ಕರಗುವ ಕೊನೆಯಲ್ಲಿ ಥಟ್ಟನೆ ನಿಲ್ಲದ ಹಾಗೆ ಮೆತ್ತಗೆ ಬ್ರಷ್ ಮಾಡಿ. ಆ ನೆರಳಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಕಾಣುತ್ತಿದ್ದರೆ, ಫೈಲನ್ನು 16 ಬಿಟ್‌ಗೆ ಬದಲಾಯಿಸಿ, ಅಲ್ಲಿ ಮಾತ್ರ ಒಂದು ಒಂದೂವರೆ ಶೇಕಡಾ `Add Noise` ಕೊಡಿ. ಬರೀ 16 ಬಿಟ್ ಮಾಡಿದರೆ ಪಟ್ಟೆ ಹೋಗುವುದಿಲ್ಲ, ಪಟ್ಟೆಯನ್ನು ಒಡೆಯುವುದು ಈ ಚುಕ್ಕೆಗಳೇ. ಮಸಾಲೆಯ ಜಾಗಕ್ಕೂ ಇದೇ ಥರ `Monochromatic` ಟಿಕ್ ಮಾಡಿ ಸ್ವಲ್ಪ ಕಣ ಸೇರಿಸಿದರೆ ಸವರಿದ ಮೈಗೆ ಜೀವ ಬರುತ್ತದೆ. ವಿವರ ಬರುವುದಿಲ್ಲ, ಆದರೆ ಕಣ್ಣು ಅದನ್ನು ಪ್ಲಾಸ್ಟಿಕ್ ಎಂದು ಓದುವುದು ನಿಲ್ಲುತ್ತದೆ.

ಶಾರ್ಪ್ ಮಾಡುವುದು ಎಲ್ಲಕ್ಕಿಂತ ಕೊನೆ, ಅಂತಿಮ ಅಳತೆಗೆ ಇಳಿಸಿದ ಮೇಲೆ. 4096ರಲ್ಲಿ ಶಾರ್ಪ್ ಮಾಡಿ ಆಮೇಲೆ ಇಳಿಸಿದರೆ ಅರ್ಧ ಕೆಲಸ ನೀರಿಗೆ ಹೋಯಿತು. 300 ಪಿಪಿಐಗೆ `Unsharp Mask`ನಲ್ಲಿ `Radius` 1ರಿಂದ 1.5, `Amount` 80ರಿಂದ 100, `Threshold` 3 ಇಟ್ಟು ಶುರು ಮಾಡಿ. ಲೇಯರನ್ನು `Luminosity`ಗೆ ಬದಲಾಯಿಸಿ, ಇಲ್ಲದಿದ್ದರೆ ಕೆಂಪು ಎಣ್ಣೆ ಮತ್ತು ಹಸಿರು ಮಿಡಿಯ ನಡುವೆ ಬಣ್ಣದ ಗೆರೆ ಏಳುತ್ತದೆ.

ಎಷ್ಟು ಸಾಕು? ಇಲ್ಲಿ ಪರದೆ ದಾರಿ ತಪ್ಪಿಸುತ್ತದೆ. ಸಾಮಾನ್ಯ ಮಾನಿಟರ್ ಇಂಚಿಗೆ ನೂರರ ಆಸುಪಾಸು ಪಿಕ್ಸೆಲ್. ನೀವು 100 ಶೇಕಡಾದಲ್ಲಿ ನೋಡುತ್ತಿರುವುದು ಅಚ್ಚಿಗಿಂತ ಮೂರು ಪಟ್ಟು ದೊಡ್ಡ ಬಾಟಲಿ. ಕಾಗದದ ಮೇಲೆ ಶಾಯಿ ಸ್ವಲ್ಪ ಹರಡಿ ಎಲ್ಲವನ್ನೂ ಮೆತ್ತಗೆ ಮಾಡುತ್ತದೆ. ಹಾಗಾಗಿ 100ರಲ್ಲಿ ತುಸು ಗರಿಗರಿ ಕಂಡರೆ ಹೆದರಬೇಡಿ. ಪ್ರಭಾವಳಿ ಅಂಚಿನ ಸುತ್ತ ಎರಡು ಪಿಕ್ಸೆಲ್ ಒಳಗಿದ್ದರೆ ಕಾಗದದಲ್ಲಿ ಅದು 0.17 ಮಿಲಿಮೀಟರ್, ಒಂದೇ ಸಾಲು ಚುಕ್ಕೆಯಷ್ಟು ಅಗಲ, ಬಹುಮಟ್ಟಿಗೆ ಚುಕ್ಕೆಯಲ್ಲೇ ಮುಚ್ಚಿಹೋಗುತ್ತದೆ. ನಾಲ್ಕೈದು ಪಿಕ್ಸೆಲ್ ಆದರೆ ಬಾಟಲಿಗೆ ಬಿಳಿ ದಾರ ಕಟ್ಟಿದ ಹಾಗೆ ಕಾಣುತ್ತದೆ. ಬರೀ ಊಹೆ ಬೇಡ ಎಂದಾದರೆ ಬಾಟಲಿಯ ಕುತ್ತಿಗೆಯಿಂದ ಮಸಾಲೆಯವರೆಗೆ ಒಂದು ಪಟ್ಟಿ ಕತ್ತರಿಸಿ, ಮೂರು ರೂಪ ಪಕ್ಕ ಪಕ್ಕ ಇಟ್ಟು, ನಿಜ ಅಳತೆಯಲ್ಲಿ ಡಿಜಿಟಲ್ ಪ್ರಿಂಟ್ ತೆಗೆಸಿ: ಬರೀ ಗಣಿತದ್ದು, ಮಾದರಿಯದ್ದು, ಎರಡೂ ಬೆರೆಸಿದ್ದು. ಒಂದು ಹಾಳೆಯ ದುಡ್ಡು. ಕಾರ್ಟನ್ ಹಿಡಿಯುವ ದೂರದಲ್ಲಿ ಹಿಡಿದು ನೋಡಿ. ಮೂಗಿಗೆ ಹತ್ತಿರ ತಂದು ನೋಡುವ ಗಿರಾಕಿ ಇಲ್ಲ.

ಈಗ ಅಕ್ಷರಗಳು. ಲೇಬಲ್, ಹಸಿರು ಚುಕ್ಕೆಯ ಸಸ್ಯಾಹಾರಿ ಗುರುತು, ಬಾರ್‌ಕೋಡ್, ಪದಾರ್ಥಗಳ ಪಟ್ಟಿ, ಇವು ಯಾವುವೂ ಚಿತ್ರದೊಳಗೆ ಇರಬಾರದು. ಎಲ್ಲವೂ ವೆಕ್ಟರ್. ಬಾಟಲಿಯ ಮೇಲೆ ಬಗ್ಗಿಸಿ ಕೂರಿಸುವ ಲೇಬಲ್ಲನ್ನೂ ಇಲ್ಲಸ್ಟ್ರೇಟರಿನಲ್ಲೇ ಬಗ್ಗಿಸಬಹುದು, ಗಾಜಿನ ನೆರಳನ್ನು ಮಾತ್ರ ಮೇಲೆ `Multiply`ಯಲ್ಲಿ ಬಿಡಿ. ಬಾರ್‌ಕೋಡ್ ಯಾಕೆ ಚಿತ್ರದಲ್ಲಿ ಇರಬಾರದು ಎಂದು ಕೇಳುತ್ತಾರೆ. ಇಎಎನ್-13ರ ಅತಿ ತೆಳು ಗೆರೆ ಮೂಲ ಅಳತೆಯಲ್ಲಿ 0.33 ಮಿಲಿಮೀಟರ್. 300 ಪಿಪಿಐನಲ್ಲಿ ಒಂದು ಪಿಕ್ಸೆಲ್ 0.0847. ಭಾಗಿಸಿದರೆ 3.9 ಪಿಕ್ಸೆಲ್. ಪೂರ್ಣಸಂಖ್ಯೆ ಬರಲಿಲ್ಲ, ಹಾಗಾಗಿ ಕೆಲವು ಗೆರೆಯ ಅಂಚು ಬೂದು ಪಿಕ್ಸೆಲ್ಲಿಗೆ ಬೀಳುತ್ತದೆ, ಅದು ಚುಕ್ಕೆಯಾಗಿ ಒಡೆಯುತ್ತದೆ, ಗೆರೆಯ ಅಗಲ ಏರುಪೇರಾಗುತ್ತದೆ. ಸ್ಕ್ಯಾನರ್ ಓದುವುದೇ ಅಗಲವನ್ನು.

ಬಣ್ಣದ ಬಗ್ಗೆ ಎರಡೇ ಮಾತು. ಈವರೆಗಿನ ಕೆಲಸವೆಲ್ಲ ಆರ್‌ಜಿಬಿಯಲ್ಲೇ ಆಗಲಿ, ಹಿಗ್ಗಿಸುವ ಮಾದರಿಗಳು ಕಲಿತಿರುವುದೇ ಅದರಲ್ಲಿ. ಸಿಎಂವೈಕೆಗೆ ಬದಲಾಯಿಸುವುದು ಪ್ರೆಸ್ಸಿನವರು ಹೇಳಿದ ಪ್ರೊಫೈಲ್ ಹಿಡಿದು ಕೊನೆಗೆ. ಅದಕ್ಕೆ ಮೊದಲು `Proof Colors` ಒತ್ತಿ ನೋಡಿಕೊಳ್ಳಿ. ಎಣ್ಣೆಯ ಕೆಂಪು ಕಂದುವುದನ್ನು ಕಾರ್ಟನ್ ಬಂದ ಮೇಲೆ ನೋಡುವುದಕ್ಕಿಂತ ಅಲ್ಲೇ ನೋಡುವುದು ಮೇಲು.

ಇಷ್ಟೆಲ್ಲಾ ಮಾಡಿ ಪಿಡಿಎಫ್ ತೆಗೆಯುವಾಗ ಕೈ ಜಾರಬಹುದು. ಸ್ಕ್ರೀನಿಗೆ ಇರುವ ಸಣ್ಣ ಫೈಲಿನ ಪ್ರೀಸೆಟ್ ಆರಿಸಿಬಿಟ್ಟರೆ ಚಿತ್ರ ಸದ್ದಿಲ್ಲದೆ 100ಕ್ಕೋ 150ಕ್ಕೋ ಇಳಿದುಬಿಡುತ್ತದೆ, ಜೆಪೆಗ್ ಗಲೀಜೂ ಸೇರುತ್ತದೆ. ಪಿಡಿಎಫ್ ತೆರೆದು ನೋಡಿದರೆ ಗೊತ್ತಾಗುವುದಿಲ್ಲ. ಪಾಪ್ಲರ್ ಎಂಬ ಉಚಿತ ಸಾಧನದ ಜೊತೆ ಬರುವ ಈ ಕಮಾಂಡ್ ಓಡಿಸಿ:

```
pdfimages -list carton.pdf
```

ಒಂದೊಂದು ಚಿತ್ರಕ್ಕೂ ಒಂದೊಂದು ಸಾಲು ಬರುತ್ತದೆ. `x-ppi`, `y-ppi` ಎಂಬ ಕಂಬಗಳಲ್ಲಿ 300ರ ಆಸುಪಾಸು ಇರಬೇಕು, ಎರಡೂ ಒಂದೇ ಇರಬೇಕು. ಎರಡರಲ್ಲಿ ವ್ಯತ್ಯಾಸ ಇದ್ದರೆ ಲೇಔಟ್ ಮಾಡುವಾಗ ಯಾರೋ ಬಾಟಲಿಯನ್ನು ಒಂದು ಕಡೆಗೆ ಎಳೆದಿದ್ದಾರೆ. `enc` ಕಂಬದಲ್ಲಿ `jpeg` ಎಂದಿದ್ದರೆ ರಫ್ತು ಮಾಡುವಾಗ ಯಾವ ಗುಣಮಟ್ಟ ಇಟ್ಟಿದ್ದಿರಿ ಎಂದು ಹಿಂದೆ ಹೋಗಿ ನೋಡಿ, `Maximum`ಗಿಂತ ಕೆಳಗೆ ಬೇಡ. `color` ಕಂಬದಲ್ಲಿ ಬಾಟಲಿಯ ಸಾಲಿಗೆ `rgb` ಎಂದು ಕಂಡರೆ ಬಣ್ಣ ಬದಲಾಯಿಸುವುದನ್ನು ಮರೆತಿದ್ದೀರಿ, ಅಥವಾ ಅದನ್ನು ಪ್ರೆಸ್ಸಿನವರಿಗೆ ಬಿಟ್ಟಿದ್ದೀರಿ. ಎರಡನೆಯದಾಗಿದ್ದರೆ ಅವರಿಗೆ ಒಂದು ಮಾತು ಫೋನ್ ಮಾಡಿ ಹೇಳಿ.